ನಿಮಗಿದು ಗೊತ್ತೆ? ಅಪ್‌ಡೇಟ್ ನಿಲ್ಲಿಸಿದರೂ ಟಿವಿ ನಿಧಾನವಾಗಬಹುದು!

ಸ್ಮಾರ್ಟ್ ಟಿವಿಯಲ್ಲಿ ಆಟೊ ಅಪ್‌ಡೇಟ್ ಆಫ್ ಮಾಡಿದರೂ ಅದರೊಳಗಿನ ಆ್ಯಪ್‌ಗಳು ಬೆಳೆಯುತ್ತಲೇ ಇರುತ್ತವೆ. ಆಂಡ್ರಾಯ್ಡ್ ಟಿವಿಗಳಲ್ಲಿ ಸಿಸ್ಟಮ್ ಅಪ್‌ಡೇಟ್ ಬೇರೆ, ಪ್ಲೇ ಸ್ಟೋರ್ ಮೂಲಕ ಬರುವ ಆ್ಯಪ್ ಅಪ್‌ಡೇಟ್ ಬೇರೆ. ಒಂದನ್ನು ನಿಲ್ಲಿಸಿದರೆ ಇನ್ನೊಂದು ನಿಲ್ಲುವುದಿಲ್ಲ.

ಹಳೆಯ ಸೆಟ್ ಏಕೆ ತಡವರಿಸುತ್ತದೆ? ಅನೇಕ ಹಳೆಯ ಟಿವಿಗಳಲ್ಲಿ ಇರುವುದು 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಅದರಲ್ಲೂ ದೊಡ್ಡ ಪಾಲು ಸಿಸ್ಟಮ್‌ಗೇ ಹೋಗುತ್ತದೆ. ಹೊಸ ಆವೃತ್ತಿ ಹೆಚ್ಚು ಜಾಗ, ಹೆಚ್ಚು ಮೆಮೊರಿ ಕೇಳುತ್ತದೆ. ಚಿಪ್ ಮಾತ್ರ ಖರೀದಿಸಿದ ದಿನದ್ದೇ. ರಿಮೋಟ್ ಒತ್ತಿದ ಮೇಲೆ ಕರ್ಸರ್ ತಡವಾಗಿ ಸರಿಯುವುದು, ಹೋಮ್‌ಗೆ ಹೋಗಿ ಮರಳಿದರೆ ಯೂಟ್ಯೂಬ್ ಮೊದಲಿನಿಂದ ತೆರೆದುಕೊಳ್ಳುವುದು ಮೆಮೊರಿ ಸಾಲದ ಲಕ್ಷಣ.

ಸಿಸ್ಟಮ್ ಅಪ್‌ಡೇಟ್ ನಿಲ್ಲಿಸಿದರೆ ಮೆನು ಇದ್ದ ಹಾಗೇ ಇರುತ್ತದೆ. ಆದರೆ ಭದ್ರತೆಯ ತೇಪೆಗಳೂ ನಿಲ್ಲುತ್ತವೆ. ಈಗಾಗಲೇ ಆದ ನಿಧಾನ ಸರಿಹೋಗುವುದಿಲ್ಲ. ಹಿಂದಿನ ಆವೃತ್ತಿಗೆ ಮರಳಲು ಬಹುತೇಕ ಟಿವಿಗಳಲ್ಲಿ ಸುಲಭದ ದಾರಿಯೂ ಇಲ್ಲ. ಆ್ಯಪ್‌ಗಳನ್ನೂ ಹಳೆಯದರಲ್ಲೇ ಉಳಿಸಿಕೊಂಡರೆ ಒಂದು ದಿನ ಅವು ತೆರೆಯದೇ ಹೋಗಬಹುದು. ಟಿವಿಯೇ ತೀರಾ ಹಳತಾದರೆ ಅಪ್‌ಡೇಟೂ ನೆರವಿಗೆ ಬರುವುದಿಲ್ಲ: 2010, 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಲ್ಲಿ ನಿಂತೇ ಹೋಯಿತು.

ಹಾಗಾಗಿ ಸಿಸ್ಟಮ್ ಅಪ್‌ಡೇಟ್ ಇರಲಿ. ಮೊದಲು ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ, ಉಳಿದವುಗಳ ಕ್ಯಾಶೆ ಅಳಿಸಿ, ಟಿವಿಯ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ.