ಶಾಲಾ ಕೈತೋಟದಲ್ಲಿ ಪರಾಗಸ್ಪರ್ಶದ ಪ್ರಯೋಗ: ಸಿಹಿಕುಂಬಳದ ಮೂರು ಮೊಗ್ಗುಗಳು

ಸಿಹಿಕುಂಬಳದಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಪ್ರತ್ಯೇಕವಾಗಿರುತ್ತವೆ. ಹೆಣ್ಣು ಹೂವನ್ನು ಅದರ ಬುಡದ ಪುಟ್ಟ ಕಾಯಿಯಿಂದ ಗುರುತಿಸಬಹುದು. ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಂದ ಈ ಪ್ರಯೋಗ ಮಾಡಿಸಿರಿ.

ಮರುದಿನ ಅರಳಲಿರುವ, ತುದಿ ಹಳದಿಗೆ ತಿರುಗಿದ 3 ಹೆಣ್ಣು ಮೊಗ್ಗುಗಳನ್ನು ಸಂಜೆ ಆರಿಸಿ, 2ಕ್ಕೆ ಸೊಳ್ಳೆಪರದೆಯ ಚೀಲ ಕಟ್ಟಬೇಕು. ಬೆಳಿಗ್ಗೆ 8 ಗಂಟೆಯೊಳಗೆ ಅವುಗಳಲ್ಲಿ ಒಂದಕ್ಕೆ ಗಂಡು ಹೂವಿನ ಪರಾಗವನ್ನು ಸವರಿ, ಚೀಲವನ್ನು ಮತ್ತೆ ಕಟ್ಟಬೇಕು. ತೆರೆದ ಹೂವಿಗೆ 10 ನಿಮಿಷದಲ್ಲಿ ಬರುವ ಜೇನ್ನೊಣ ಹಾಗೂ ಇತರ ಕೀಟಗಳನ್ನು ಮಕ್ಕಳು ಎಣಿಸಲಿ.

ವಾರದ ನಂತರ, ಬರಿದೇ ಮುಚ್ಚಿದ್ದ ಕಾಯಿ ಹಳದಿಯಾಗಿ ಉದುರಿ, ಪರಾಗ ಸವರಿದ್ದು ಬೆಳೆದಿದ್ದರೆ, ದೋಷ ಚೀಲದ್ದಲ್ಲ. ಕೀಟಗಳು ಬಾರದಿರುವುದೇ ಕಾರಣ. ಸವರಿದ್ದೂ ಉದುರಿದರೆ ತೀರ್ಮಾನಕ್ಕೆ ಬರದೆ ಬೇರೆ ಬಳ್ಳಿಯಲ್ಲಿ ಪ್ರಯೋಗವನ್ನು ಪುನರಾವರ್ತಿಸಬೇಕು. ತೆರೆದ ಹೂವಿನ ಕಾಯಿ ಮಾತ್ರ ಉದುರಿದರೆ, ಕೀಟಗಳ ಎಣಿಕೆಯನ್ನು ನೋಡಿರಿ. ಹೂ ಅರಳಿರುವ ಬೆಳಗಿನ ವೇಳೆ ಸುತ್ತಲಿನ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದಾರೆಯೇ ಎಂದು ವಿಚಾರಿಸಿರಿ.