ಒಂದು ಅಂಕಿ ಸಾಲದು

ಗರ್ಭ ನಿಂತ ಹೊಸತರಲ್ಲಿ ರಕ್ತಸ್ರಾವವೋ ನೋವೋ ಕಂಡಾಗ ವೈದ್ಯರು ಎಚ್‌ಸಿಜಿ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಮಾಡಿಸುತ್ತಾರೆ. ಮೊದಲನೆಯದು ತಪ್ಪಾಯಿತೇ ಎಂದು ಮನೆಯವರು ಕೇಳುವುದುಂಟು. ಹಾಗಲ್ಲ.

ಮುಂದೆ ಮಾಸಾಗಿ ಬೆಳೆಯುವ ಜೀವಕೋಶಗಳು ಈ ಹಾರ್ಮೋನನ್ನು ಸ್ರವಿಸುತ್ತವೆ. ಅದರ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಐದನೆಯ ವಾರದಲ್ಲಿ ಒಬ್ಬಳಲ್ಲಿ ಕೆಲವು ನೂರಿದ್ದರೆ, ಅಷ್ಟೇ ದಿನ ತುಂಬಿದ ಇನ್ನೊಬ್ಬಳಲ್ಲಿ ಕೆಲವು ಸಾವಿರ. ಇಬ್ಬರ ಗರ್ಭವೂ ಆರೋಗ್ಯವಾಗಿರಬಹುದು. ಆದುದರಿಂದ 600 ಎಂಬ ಅಂಕಿಯೊಂದೇ ಹೆಚ್ಚೇನನ್ನೂ ಹೇಳಲಾರದು. ಹೇಳುವುದು ಏರಿಕೆಯ ವೇಗ.

ಮೊದಲ ಅಂಕಿ 1500ಕ್ಕಿಂತ ಕಡಿಮೆಯಿದ್ದರೆ, ಸಹಜ ಗರ್ಭದಲ್ಲಿ ಅದು 48 ಗಂಟೆಗಳಲ್ಲಿ ಸಾಮಾನ್ಯವಾಗಿ ಶೇಕಡ 49ರಷ್ಟಾದರೂ ಏರುತ್ತದೆ. ಇಮ್ಮಡಿಯಾಗಲೇಬೇಕೆಂಬ ಮಾತು ಬಳಕೆಯಲ್ಲಿದೆ. ಅಷ್ಟು ಬಿಗಿ ಬೇಕಿಲ್ಲ. 600 ಇದ್ದದ್ದು 1000 ಆದರೆ ಸಮಾಧಾನ. 750ಕ್ಕೆ ನಿಂತರೆ? ಗರ್ಭ ಉಳಿಯಲಾರದೇನೋ, ಅಥವಾ ಗರ್ಭಕೋಶವನ್ನು ಬಿಟ್ಟು ಅಂಡನಾಳದಲ್ಲಿ ನಿಂತಿದೆಯೇನೋ ಎಂಬ ಶಂಕೆ. ನಾಳ ಒಡೆದರೆ ಒಳಗೇ ರಕ್ತ ಸುರಿದು ತಾಯಿಯ ಪ್ರಾಣಕ್ಕೇ ಅಪಾಯ. ತೀವ್ರವಾದ ಹೊಟ್ಟೆನೋವು, ತಲೆಸುತ್ತು ಕಂಡರೆ ಮರುಪರೀಕ್ಷೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಎರಡು ಅಂಕಿಗಳೂ ಕೊನೆಯ ತೀರ್ಪಲ್ಲ. ನಾಳದಲ್ಲಿ ನಿಂತ ಗರ್ಭದಲ್ಲೂ ಕೆಲವೊಮ್ಮೆ ಏರಿಕೆ ಸಹಜವೆಂಬಂತೆ ತೋರುತ್ತದೆ. ಗರ್ಭ ಎಲ್ಲಿದೆಯೆಂಬುದನ್ನು ಅಲ್ಟ್ರಾಸೌಂಡೇ ಕಾಣಿಸಬೇಕು. ಪರೀಕ್ಷೆಗಳೆರಡೂ ಒಂದೇ ಪ್ರಯೋಗಾಲಯದಲ್ಲಿ ಆಗುವುದು ಒಳಿತು; ವಿಧಾನ ಬದಲಾದರೆ ಅಂಕಿಯೂ ಬದಲಾದೀತು. ಗರ್ಭಕೋಶದೊಳಗೆ ಭ್ರೂಣದ ಹೃದಯ ಮಿಡಿಯುವುದು ತೆರೆಯ ಮೇಲೆ ಕಂಡಮೇಲೆ ಈ ಲೆಕ್ಕದ ಅಗತ್ಯ ಸಾಮಾನ್ಯವಾಗಿ ಉಳಿಯದು.