ಮನಿ ಮಾತು ಮನಿಯೊಳಗ: ಗೇಮಿನ ಮೈಕಿಗೆ ಎರಡು ಕೀ ಯಾಕೆ ಬೇಕು

ಇವತ್ತಿನ ಮಾತು ಗೇಮ್ ಆಡೋರಿಗೆ. ಆದ್ರ ಗೇಮ್ ಆಡೋ ಹುಡುಗರು ಮನ್ಯಾಗ ಇರೋರೂ ಕೇಳಿದ್ರ ಛಲೋ, ಯಾಕಂದ್ರ ನಿಮ್ಮ ಮಾತು ಎಲ್ಲಿವರೆಗೆ ಹೋಗ್ತದ ಅನ್ನೋದು ನಿಮಗೂ ಗೊತ್ತಿರಬೇಕು.

ಮೊದಲು ನನ್ನ ಕಥಿ ಹೇಳ್ತೀನಿ. ನಮ್ಮ ಮನೆ ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿ. ಕಂಪ್ಯೂಟರ್ ಇರೋದು ಪಡಸಾಲಿಯಲ್ಲಿ, ನನಗೆ ಅಂತ ಬೇರೆ ಖೋಲಿ ಇಲ್ಲ. ಒಂದು ರಾತ್ರಿ ವ್ಯಾಲೊರಂಟ್ ಆಡ್ತಿದ್ದೆ. ಕುಂದಗೋಳದಿಂದ ನಮ್ಮ ದೊಡ್ಡಪ್ಪನ ಮಗ, ನವಲಗುಂದ ಮತ್ತು ಕಲಘಟಗಿಯಿಂದ ಇಬ್ಬರು ಗೆಳೆಯರು, ಹೀಗೆ ನಾಲ್ಕು ಜನ ಪಾರ್ಟಿಯಲ್ಲಿ ಇದ್ವಿ. ಐದನೆಯವ ಯಾರೋ ಗೊತ್ತಿಲ್ಲದವ. ನನ್ನ ಹಿಂದೆ ಅಪ್ಪ ಫೋನಿನಲ್ಲಿ ಮಾತಾಡ್ತಿದ್ರು. ಬಿತ್ತನಿಗೆ ರೊಕ್ಕ ಸಾಲದೇ ಅವ್ವನ ಬಂಗಾರ ಅಡವು ಇಟ್ಟ ವಿಚಾರ. ನಾನು ಆಟದ ಗುಂಗಿನಾಗ ಇದ್ದೆ, ಅದು ನನ್ನ ಕಿವಿಗೇ ಬೀಳಲಿಲ್ಲ. ಆದರೆ ನನ್ನ ಮೈಕಿನ ಕಿವಿಗೆ ಬಿತ್ತು. ಕುಂದಗೋಳದಾಗ ಅಣ್ಣ ಹೆಡ್‌ಫೋನ್ ಹಾಕಿರಲಿಲ್ಲ, ಸ್ಪೀಕರ್ ಹಚ್ಚಿದ್ದ. ಅಲ್ಲೇ ಊಟಕ್ಕೆ ಕುಂತಿದ್ದ ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡ್ರು. ಮರುದಿನ ಬೆಳಿಗ್ಗೆ ದೊಡ್ಡವ್ವನ ಫೋನ್: "ಬಂಗಾರ ಅಡವು ಇಡೋ ಮಟ್ಟಕ್ಕ ಬಂದೀರಿ, ನಮಗೊಂದು ಮಾತು ಹೇಳಬಾರದಾ?" ಅಣ್ಣನ ಮುಂದ ಕೈ ಚಾಚಬಾರದು ಅಂತಲೇ ಅಪ್ಪ ಮುಚ್ಚಿಟ್ಟಿದ್ದ ಮಾತದು. ಅಪ್ಪ ನನಗೆ ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ.

ತಪ್ಪು ಎಲ್ಲಿ ಆಗಿತ್ತು ಅಂದ್ರ, ನನ್ನ ಪಾರ್ಟಿ ಮೈಕು ಸದಾ ತೆರೆದಿತ್ತು. ಗೇಮಿನಲ್ಲಿ ಮೈಕು ಎರಡು ರೀತಿ ಕೆಲಸ ಮಾಡ್ತದ. ಒಂದು, ದನಿ ಕೇಳಿದ ಕೂಡಲೇ ತಾನೇ ತೆರೆಯೋದು. ಅದಕ್ಕೆ ನಿಮ್ಮ ದನಿ, ನಿಮ್ಮ ಅಪ್ಪನ ದನಿ, ಮಿಕ್ಸರ್ ದನಿ ಎಲ್ಲಾ ಒಂದೇ. ಸದ್ದು ಒಂದು ಮಟ್ಟ ದಾಟಿತು ಅಂದ್ರ ಬಾಗಿಲು ತೆರೀತು. ಇನ್ನೊಂದು, ಕೀ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತೆರೆಯೋದು, ಅದೇ ಪುಶ್ ಟು ಟಾಕ್. ಜಾತ್ರೆಯಲ್ಲಿ ಪೊಲೀಸರ ಕೈಯಾಗಿನ ವಾಕಿಟಾಕಿ ನೋಡೀರಲ್ಲ, ಗುಂಡಿ ಒತ್ತಿ ಮಾತಾಡ್ತಾರ, ಬಿಟ್ಟು ಕೇಳ್ತಾರ. ಅದೇ ಲೆಕ್ಕ. ಒಂದೇ ವ್ಯತ್ಯಾಸ ಅಂದ್ರ, ವಾಕಿಟಾಕಿಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಮಾತಾಡೋಕೆ ಆಗೋದಿಲ್ಲ, ಗೇಮಿನಲ್ಲಿ ಎಲ್ಲರೂ ಒಟ್ಟಿಗೆ ಒತ್ತಬಹುದು.

ಮೈಕು ಎಷ್ಟು ಸೂಕ್ಷ್ಮ ಇರಬೇಕು ಅನ್ನೋ ಮಟ್ಟ ಏರಿಸಿದ್ರ ಸಾಲದಾ ಅಂತ ಕೇಳಬಹುದು. ನಾನೂ ಅದನ್ನೇ ಮೊದಲು ಮಾಡಿ ನೋಡಿದೆ. ಅಕ್ಕನ ಕೂಸಿನ ಕಲಘಟಗಿ ತೊಟ್ಟಿಲಿನ ಕಿರುಗುಟ್ಟೋ ಸಪ್ಪಳ ನಿಂತಿತು ಖರೆ, ಆದ್ರ ನಾನು ಮೆಲ್ಲಗೆ ಹೇಳಿದ ಮಾತೂ ನಿಂತಿತು. ಅಪ್ಪ ಫೋನಿನಲ್ಲಿ ಜೋರಾಗಿ ಮಾತಾಡೋರು, ಅವರ ದನಿ ಮಾತ್ರ ಆರಾಮಾಗಿ ದಾಟಿ ಹೋಯ್ತು.

ಈಗ ಎರಡು ಕೀ ಯಾಕ ಅಂತ. ವ್ಯಾಲೊರಂಟಿನಲ್ಲಿ ಮಾತಿಗೆ ಎರಡು ದಾರಿ ಇವೆ. ಪಾರ್ಟಿ ಅಂದ್ರ ನೀವು ಜೊತೆ ಕಟ್ಟಿಕೊಂಡು ಬಂದ ಗೆಳೆಯರು. ಟೀಮ್ ಅಂದ್ರ ಆ ಪಂದ್ಯದಲ್ಲಿ ನಿಮ್ಮ ಕಡೆ ಇರೋ ಐದೂ ಜನ, ಗೊತ್ತಿಲ್ಲದವರೂ ಸೇರಿ. ಗೆಳೆಯರ ಜೊತೆ ನಾವು ಧಾರವಾಡ ಕನ್ನಡದಾಗ ಹರಟ್ತೀವಿ, ಬೈದಾಡ್ತೀವಿ. ಆ ಐದನೆಯವನಿಗೆ ಬೇಕಾಗಿರೋದು "ಬಿ ಕಡೆ ಇಬ್ಬರು" ಅನ್ನೋ ಒಂದೇ ಸಾಲು, ಅದೂ ಅವನಿಗೆ ತಿಳಿಯೋ ಭಾಷೆಯಲ್ಲಿ. ಎರಡನ್ನೂ ಒಂದೇ ಕೀಗೆ ಕಟ್ಟಿದ್ರ ಹರಟೆ ಅವನ ತಲೆಗೆ ಹೋಗ್ತದ, ಅವ ನಿಮ್ಮನ್ನ ಮ್ಯೂಟ್ ಮಾಡ್ತಾನ. ಆಮೇಲೆ ಬೇಕಾದ ಮಾತೂ ಅವನಿಗೆ ಮುಟ್ಟೋದಿಲ್ಲ.

ಸೆಟ್ಟಿಂಗ್ಸ್ ತೆರೆದು AUDIO ಒಳಗೆ VOICE CHAT ಗೆ ಹೋಗ್ರಿ. ಅಲ್ಲಿ Party Voice Activation ಅನ್ನೋದು Automatic ಇದ್ರ ಅದನ್ನ Push to Talk ಮಾಡ್ರಿ. ನಮ್ಮ ಮನೆಯ ಮಾನ ಕಳೆದಿದ್ದು ಇದೊಂದೇ ಸಾಲು. ಮೈಕು ಯಾವುದು ಅನ್ನೋದನ್ನ Input Device ನಲ್ಲಿ ಹೆಸರು ನೋಡಿ ಆರಿಸಿರಿ, ಇಲ್ಲದಿದ್ದರೆ ಹೆಡ್‌ಸೆಟ್ ಹಾಕಿಕೊಂಡು ಲ್ಯಾಪ್‌ಟಾಪಿನ ಮೈಕಿನಲ್ಲಿ ಮಾತಾಡ್ತಾ ಇರ್ತೀರಿ.

ಇನ್ನು ಕೀಗಳು. ಮೊದಲಿನಿಂದ ಟೀಮಿಗೆ V, ಪಾರ್ಟಿಗೆ U ಇರ್ತದ. V ಪರವಾಗಿಲ್ಲ, ಎಡಗೈ ಹೆಬ್ಬೆರಳಿಗೆ ಸಿಗ್ತದ. ತೋರುಬೆರಳಿನಿಂದ ಮಾತ್ರ ಒತ್ತಬ್ಯಾಡ್ರಿ. ಆ ಬೆರಳು D ಮ್ಯಾಲೆ ಇರೋದು. ಅದನ್ನ ಎತ್ತಿದ್ರ ಮಾತಾಡುವಷ್ಟು ಹೊತ್ತು ಬಲಕ್ಕೆ ಸರಿಯೋಕೆ ಆಗೋದಿಲ್ಲ. ಆದರೆ U ಎಡಗೈಗೆ ದೂರ. ಅದನ್ನ ಒತ್ತಬೇಕು ಅಂದ್ರ ಮೌಸ್ ಬಿಡಬೇಕು, ಇಲ್ಲಾ W, A, S, D ಬಿಡಬೇಕು. ಮೌಸಿನ ಬದಿಗೆ ಹೆಬ್ಬೆರಳಿನ ಗುಂಡಿ ಇದ್ದರೆ ಪಾರ್ಟಿಗೆ ಅದನ್ನೇ ಕೊಡ್ರಿ. ನಾನು ಹಂಗೇ ಇಟ್ಟೀನಿ. ಎಡಗೈಯಿಂದ ಊರಿನವರಿಗೆ, ಬಲಗೈಯಿಂದ ನಮ್ಮವರಿಗೆ. ಒಂದು ವಾರದಾಗ ಕೈಗೆ ರೂಢಿ ಆಗ್ತದ.

ನವಲಗುಂದದ ಗೆಳೆಯನ ಹತ್ತಿರ ಅಂಥ ಮೌಸ್ ಇರಲಿಲ್ಲ. ಎರಡು ಗುಂಡಿ, ಒಂದು ಗಾಲಿ, ಅಷ್ಟೇ. ಅವ ಎಡಗಡೆಯ Alt ಅನ್ನು ಪಾರ್ಟಿಗೆ ಇಟ್ಟ. ಮೊದಲನೇ ಪಂದ್ಯದಲ್ಲೇ ನಮ್ಮ ಜೊತೆ ಮಾತಾಡ್ತಾ ಅಂಕ ನೋಡೋಕೆ Tab ಒತ್ತಿದ. Alt ಮತ್ತು Tab ಕೂಡಿದ್ರ ಏನಾಗ್ತದ? ಗೇಮ್ ಹೋಗಿ ಬೇರೆ ವಿಂಡೋ ಬಂತು, ಅವ ತಿರುಗಿ ಬರೋದರೊಳಗ ಅವನ ಆಟಗಾರ ಸತ್ತಿದ್ದ. ಆಮೇಲೆ T ಕೀಗೆ ಬದಲಿಸಿದ್ವಿ. T ಗೆ ಗೋಡೆ ಮ್ಯಾಲೆ ಚಿತ್ರ ಬಳಿಯೋ ಕೆಲಸ ಇರ್ತದ, ಅದನ್ನ ದೂರದ ಬೇರೆ ಕೀಗೆ ಹಾಕಿದ್ವಿ. T ಒತ್ತೋಕೆ ತೋರುಬೆರಳು D ಬಿಡಬೇಕು ಖರೆ. ಆದರೆ ಹರಟೆಯನ್ನ ಜಗಳದ ನಡುವೆ ಯಾರೂ ಹೊಡೆಯೋದಿಲ್ಲ, ಅವಸರದ ಮಾತು V ದಾಗೇ ಹೋಗ್ತದ.

ಅವನದೇ ಇನ್ನೊಂದು ತೊಂದರೆ ಇತ್ತು. ಓಡುವಾಗ ಮಾತಾಡಿದ್ರ ದನಿ ಬರ್ತಿರಲಿಲ್ಲ, ನಿಂತು ಮಾತಾಡಿದ್ರ ಬರ್ತಿತ್ತು. ನಾವು ಎರಡು ದಿನ ನೆಟ್‌ವರ್ಕಿಗೆ ಬೈದ್ವಿ. ಆಮೇಲೆ ತಿಳೀತು, ಅದು ಕೀಬೋರ್ಡಿನ ಮಿತಿ. ಅಗ್ಗದ ಕೀಬೋರ್ಡುಗಳಲ್ಲಿ ಕೆಲವು ಮೂರು ಕೀಗಳನ್ನ ಒಟ್ಟಿಗೆ ಒತ್ತಿದ್ರ ಮೂರನೆಯದು ಕಂಪ್ಯೂಟರಿಗೆ ಮುಟ್ಟೋದೇ ಇಲ್ಲ. ನೋಡೋದು ಸುಲಭ: ನೋಟ್‌ಪ್ಯಾಡ್ ತೆರೆದು W ಮತ್ತು D ಒತ್ತಿ ಹಿಡಿದು, ಬಿಡದೇ ನಿಮ್ಮ ಮಾತಿನ ಕೀ ಒತ್ತಿರಿ. ಆ ಅಕ್ಷರ ಮೂಡದಿದ್ರ ಬೇರೆ ಕೀ ಹುಡುಕಬೇಕು. W ಮತ್ತು A ಹಿಡಿದೂ ಒಮ್ಮೆ ನೋಡ್ರಿ.

ಡಿಸ್ಕಾರ್ಡಿನಲ್ಲಿ ಮಾತಾಡೋರಿಗೆ ಒಂದಷ್ಟು ಬೇರೆ ಲೆಕ್ಕ. ಕೌಂಟರ್ ಸ್ಟ್ರೈಕ್ 2 ಆಡೋವಾಗ ನಾವು ಅದನ್ನೇ ಬಳಸ್ತೀವಿ, ಗೆಳೆಯರಿಗೆ ಅಂತ ಬೇರೆ ದಾರಿ ಬೇಕಾಗ್ತದಲ್ಲ. ಗೇಮಿನೊಳಗಿನ ಟೀಮ್ ಮಾತಿನ ಕೀಯನ್ನ ಸೆಟ್ಟಿಂಗ್ಸಿನಲ್ಲೇ ಬದಲಿಸಬಹುದು. ಕನ್ಸೋಲ್ ತೆರೆಯೋ ರೂಢಿ ಇದ್ದವರು ಹೀಗೆ ಬರೀಬಹುದು:

```
bind "v" "+voicerecord"
```

ಆ ಕೂಡಿಸುವ ಚಿಹ್ನೆಯ ಅರ್ಥ, ಕೀ ಹಿಡಿದಿರೋವರೆಗೆ ಮಾತ್ರ ಮೈಕು ತೆರೆದಿರಲಿ ಅಂತ.

ಡಿಸ್ಕಾರ್ಡಿನಲ್ಲಿ Voice & Video ಒಳಗೆ Push to Talk ಆರಿಸಿ ಬೇರೆ ಕೀ ಕೊಡ್ರಿ. ಅದನ್ನೂ V ಮಾಡಿದ್ರ ನಿಮ್ಮ ಗೆಳೆಯರಿಗೆ ಒಂದೇ ಮಾತು ಎರಡು ಸಲ ಕೇಳ್ತದ, ಗೇಮಿನಿಂದ ಒಮ್ಮೆ, ಡಿಸ್ಕಾರ್ಡಿನಿಂದ ಒಮ್ಮೆ, ಬಾವಿಯೊಳಗ ಕೂಗಿದಂಗ. ಇನ್ನೊಂದು, ಡಿಸ್ಕಾರ್ಡಿನ ಕೀ ಗೇಮಿನ ಹೊರಗೂ ಕೆಲಸ ಮಾಡ್ತದ. ಅಕ್ಷರದ ಕೀ ಇಟ್ಟಿದ್ರ, ನೀವು ಯಾರಿಗೋ ಮೆಸೇಜ್ ಟೈಪ್ ಮಾಡುವಾಗ ಆ ಅಕ್ಷರ ಬಂದಾಗೆಲ್ಲ ಮೈಕು ತೆರೆದು ಮುಚ್ಚುತ್ತದೆ. ಮೌಸಿನ ಬದಿಯ ಗುಂಡಿಗೂ ಒಂದು ಕಿರಿಕಿರಿ ಉಂಟು, ಬ್ರೌಸರಿನಲ್ಲಿ ಅದು ಹಿಂದಿನ ಪುಟಕ್ಕೆ ಹೋಗೋ ಗುಂಡಿ. ನನಗೆ ಅದು ಸಹಿಸಬಹುದಾದ ಕಿರಿಕಿರಿ.

ಕಲಘಟಗಿ ಗೆಳೆಯನಿಗೆ ಬಂದ ತೊಂದರೆ ಬಹಳ ಜನರಿಗೆ ಬರ್ತದ. ಡೆಸ್ಕ್‌ಟಾಪಿನಲ್ಲಿ ಕೀ ಒತ್ತಿದ್ರ ಡಿಸ್ಕಾರ್ಡಿನಲ್ಲಿ ಅವನ ಚಿತ್ರದ ಸುತ್ತ ಹಸಿರು ಉಂಗುರ ಹೊಳೀತಿತ್ತು. ಗೇಮ್ ಒಳಗೆ ಹೋದ ಮೇಲೆ ಒತ್ತಿದ್ರ ಹೊಳೀತಿರಲಿಲ್ಲ. ಮೈಕು ಕೆಟ್ಟಿಲ್ಲ, ನೆಟ್ ಕೆಟ್ಟಿಲ್ಲ. ಅವ ಗೇಮನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೀತಿದ್ದ, ಡಿಸ್ಕಾರ್ಡನ್ನು ಸಾದಾ ರೀತಿ. ಅಂಥಾ ಹೊತ್ತಿನಾಗ ವಿಂಡೋಸ್, ಮೇಲಿನ ಅಧಿಕಾರದ ವಿಂಡೋದೊಳಗ ಒತ್ತಿದ ಕೀಗಳನ್ನ ಕೆಳಗಿನ ಪ್ರೋಗ್ರಾಮಿಗೆ ತೋರಿಸೋದಿಲ್ಲ. ಗೇಮನ್ನು ಸಾದಾ ತೆರೆದ, ಸರಿಹೋಯ್ತು. ಗೇಮಿಗೆ ಆ ಅಧಿಕಾರ ಬೇಕೇ ಬೇಕು ಅಂದ್ರ ಡಿಸ್ಕಾರ್ಡನ್ನೂ Run as administrator ಅಂತಲೇ ತೆರೀಬೇಕು.

ಎಲ್ಲಾ ಸರಿ ಆದ ಮೇಲೂ ಒಂದು ಕೊರತೆ ಉಳೀತು. ನಾನು "ಬಿ ಕಡೆ ಇಬ್ಬರು" ಅಂದ್ರ ಅವರಿಗೆ "ಕಡೆ ಇಬ್ಬ" ಅಂತ ಕೇಳ್ತಿತ್ತು. ಯಾವ ಕಡೆ ಅನ್ನೋದೇ ಹೋಗಿತ್ತು! ಕೀ ಮತ್ತು ಬಾಯಿ ಒಟ್ಟಿಗೇ ಶುರು ಆದ್ರ ಮೊದಲ ಅಕ್ಷರ ಹೋಗ್ತದ, ಮಾತು ಮುಗಿಯೋದರೊಳಗ ಬೆರಳು ಎತ್ತಿದ್ರ ಕೊನೆಯದು ಹೋಗ್ತದ. ಒತ್ತಿ, ಕಣ್ಣು ಮಿಟುಕಿಸುವಷ್ಟು ತಡೆದು ಮಾತಾಡ್ರಿ. ಬಾಲದ ಮಟ್ಟಿಗೆ ಡಿಸ್ಕಾರ್ಡಿನಲ್ಲಿ ಮದ್ದು ಇದೆ. Push to Talk Release Delay ಅಂತ ಒಂದು ಪಟ್ಟಿ. ಮೊದಲಿಗೆ ಅದು 20 ಮಿಲಿಸೆಕೆಂಡ್ ಇರ್ತದ, ನಾನು 250ಕ್ಕೆ ಇಟ್ಟೀನಿ. ಬಹಳ ಏರಿಸಬ್ಯಾಡ್ರಿ. ಒಂದು ಸೆಕೆಂಡ್ ಇಟ್ಟಿದ್ದಾಗ, ನಾನು ಕೀ ಬಿಟ್ಟ ಮೇಲೆ ಅವ್ವ ಊಟಕ್ಕೆ ಕರೆದದ್ದೂ ಅದರೊಳಗ ಹೋಗಿತ್ತು.

ಕೀ ಒತ್ತಿದಾಗ ಮೈಕು ಎಲ್ಲಾನೂ ಕೇಳ್ತದ, ಅದಕ್ಕ ಮಿಕ್ಸರ್ ತಿರುಗುವಾಗ ನಾನು ಮಾತು ಸಣ್ಣದು ಮಾಡ್ತೀನಿ. ಮತ್ತೆ ಈ ಎಲ್ಲಾ ಜೋಡಣೆ ನನ್ನ ಕಡೆಯಿಂದ ಹೋಗೋ ಮಾತಿಗಷ್ಟೇ. ಕುಂದಗೋಳದಾಗ ಅಣ್ಣ ಸ್ಪೀಕರ್ ಹಚ್ಚಿದ್ರ, ನಾನು ಕೀ ಒತ್ತಿ ಆಡಿದ ಮಾತು ಇವತ್ತೂ ಅವರ ಊಟದ ತಾಟಿನ ಮುಂದೆ ಬೀಳ್ತದ. ಅವನಿಗೆ ಒಂದು ಹೆಡ್‌ಫೋನ್ ಕೊಡಿಸೀನಿ. ಹಾಕ್ಕೊಂಡಾನೋ ಇಲ್ಲೋ ಅಂತ ಪ್ರತಿ ಪಂದ್ಯದ ಮುಂಚೆ ಕೇಳ್ತೀನಿ, ಆಮೇಲೇ ಹರಟೆ ಶುರು.